ಹೊಸ ವಸ್ತುವೆಂಬುದಕ್ಕೆ ಸಾಕ್ಷ್ಯವೇನು?

ರಸಾಯನಶಾಸ್ತ್ರದ ಪತ್ರಿಕೆಗಳನ್ನು ತೆರೆದು ನೋಡಿದರೆ ಹೊಸ ಹೊಸ ವಸ್ತುಗಳ ವರ್ಣನೆಗಳು ಸಂಚಿಕೆ ಸಂಚಿಕೆಯಲ್ಲಿಯೂ ಕಾಣಬರುತ್ತವೆ. ಇಂಥ ವಸ್ತುವು ನಮಗೆ ದೊರೆಯಿತು, ಅದರ ಅಣುವಿನ ರಚನೆಯು ಇಂತಿದೆ ಎಂದು ಲೇಖಕರು ಚಿತ್ರಸಹಿತವಾಗಿ ತಿಳಿಸುತ್ತಾರೆ. ಆದರೆ ಆ ಅಣುವು ಕಣ್ಣಿಗೆ ಬೀಳತಕ್ಕದ್ದಲ್ಲ. ಸೀಸೆಯಲ್ಲಿರುವುದು ಒಂದು ಚಿಟಿಕೆಯಷ್ಟು ಬಿಳಿಯ ಪುಡಿ. ಕಾಗದದ ಮೇಲಿರುವುದು ಕೋನಗಳೂ ಗೆರೆಗಳೂ ಕೂಡಿದ ಒಂದು ಚಿತ್ರ. ಈ ಪುಡಿಗೆ ಆ ಚಿತ್ರವೇ ಸಲ್ಲುತ್ತದೆಂದು ಹೇಳುವುದಕ್ಕೆ ಆಧಾರವೇನು? ಈ ಪ್ರಶ್ನೆಯನ್ನು ಹೆಕ್ಸಾಸೈಕ್ಲಿನಾಲ್ ಎಂಬ ಒಂದೇ ವಸ್ತುವಿನ ಕಥೆಯನ್ನು ಹಿಡಿದು ವಿಚಾರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಪೇನಸ್ ರೂಡಿಸ್ ಎಂಬುದು ಮರದ ಮೇಲೆ ಬೆಳೆಯುವ ಒಂದು ಜಾತಿಯ ಅಣಬೆ. ಜರ್ಮನಿಯ ಯೇನಾ ನಗರದಲ್ಲಿ ಉಡೊ ಗ್ರೇಫೆ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಈ ಅಣಬೆಯಿಂದ ಜೀವಕೋಶಗಳ ವೃದ್ಧಿಯನ್ನು ತಡೆಯುವ ಗುಣವುಳ್ಳ ಒಂದು ವಸ್ತುವನ್ನು ಬೇರ್ಪಡಿಸಿ, 2002ನೆಯ ಇಸವಿಯಲ್ಲಿ ಹೆಕ್ಸಾಸೈಕ್ಲಿನಾಲ್ ಎಂಬ ಹೆಸರಿನಿಂದ ಪ್ರಕಟಿಸಿದರು. ಅವರು ಬರೆದ ರಚನೆಯಲ್ಲಿ ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು, ಅಣುವಿನ ಒಂದು ಭಾಗದಿಂದ ಮತ್ತೊಂದು ಭಾಗಕ್ಕೆ ಸೇತುವೆಯಂತೆ ನಿಂತಿದ್ದವು. ಇಂಥ ಜೋಡಣೆಗೆ ಪೆರಾಕ್ಸೈಡ್ ಎಂದು ಹೆಸರು.

ಇಂಥ ವಸ್ತುವಿಗೆ ಮೊದಲನೆಯ ಸಾಕ್ಷಿ ತೂಕ. ದ್ರವ್ಯರಾಶಿ ರೋಹಿತಮಾಪಕವೆಂಬ ಯಂತ್ರವು ಅಣುವಿಗೆ ವಿದ್ಯುದಂಶವನ್ನು ಕೊಟ್ಟು ಅದರ ತೂಕವನ್ನು ಅಚ್ಚರಿಯಾಗುವಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ. ಹೆಕ್ಸಾಸೈಕ್ಲಿನಾಲಿನ ಅಣುಸೂತ್ರ C₂₃H₂₈O₇. ಪ್ರತಿಯೊಂದು ಪರಮಾಣುವಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ 416.1835 ಬರುತ್ತದೆ. C₂₄H₃₂O₆ ಎಂಬ ಬೇರೊಂದು ಸೂತ್ರವೂ ಸ್ಥೂಲವಾಗಿ 416ಕ್ಕೇ ಬರುವುದಾದರೂ, ಸೂಕ್ಷ್ಮವಾಗಿ ನೋಡಿದಲ್ಲಿ ಅದು 416.2199. ಈ ಎರಡರ ಅಂತರವು 0.0364. ಒಳ್ಳೆಯ ಯಂತ್ರದ ತಪ್ಪು ಇಷ್ಟು ತೂಕದ ಅಣುವಿನಲ್ಲಿ ಸುಮಾರು 0.002ನ್ನು ಮೀರದು, ಆದುದರಿಂದ ಎರಡನೆಯ ಸೂತ್ರವನ್ನು ನಿಸ್ಸಂದೇಹವಾಗಿ ತಳ್ಳಿಹಾಕಬಹುದು. ಲೇಖನದಲ್ಲಿ ಬರಿಯ 416 ಎಂದಷ್ಟೇ ಬರೆದಿದ್ದರೆ ಸೂತ್ರವು ಸ್ಥಾಪಿತವಾಯಿತೆಂದು ಓದುವವರು ಒಪ್ಪಬೇಕಾದುದಿಲ್ಲ.

ಆದರೆ ಈ ಸಾಕ್ಷಿಗೆ ಗೊತ್ತಿರುವುದು ಅಷ್ಟೇ. ‘ಸರ’ ಎಂಬಲ್ಲಿಯೂ ‘ರಸ’ ಎಂಬಲ್ಲಿಯೂ ಇರುವ ಅಕ್ಷರಗಳು ಅವೇ ಎರಡು. ಒಂದನ್ನು ಕೊರಳಿಗೆ ಹಾಕಿಕೊಳ್ಳುತ್ತೇವೆ, ಇನ್ನೊಂದನ್ನು ಲೋಟದಲ್ಲಿ ಕುಡಿಯುತ್ತೇವೆ. ಅಕ್ಷರಗಳ ಎಣಿಕೆಯಿಂದ ಮಾತು ಗೊತ್ತಾಗದಿರುವಂತೆ, ಪರಮಾಣುಗಳ ಎಣಿಕೆಯಿಂದ ರಚನೆ ಗೊತ್ತಾಗದು. 23 ಇಂಗಾಲ, 28 ಜಲಜನಕ, 7 ಆಮ್ಲಜನಕಗಳನ್ನು ಹೊಂದಿಸಿ ಬಹು ವಿಧವಾದ ಅಣುಗಳನ್ನು ಬರೆಯಬಹುದು. ಅವೆಲ್ಲದರ ತೂಕವೂ ಒಂದೇ.

ಎರಡನೆಯ ಸಾಕ್ಷಿಯನ್ನು ಅಯಸ್ಕಾಂತದ ಬಳಿಯಲ್ಲಿ ಕೇಳಬೇಕು. ಆಸ್ಪತ್ರೆಗಳಲ್ಲಿ ರೋಗಿಯನ್ನು ದೊಡ್ಡ ಅಯಸ್ಕಾಂತದ ಸುರಂಗದೊಳಕ್ಕೆ ಸರಿಸಿ ದೇಹದ ಒಳಚಿತ್ರವನ್ನು ತೆಗೆಯುವುದನ್ನು ವಾಚಕರು ಬಲ್ಲರಷ್ಟೆ. ಅದೇ ತತ್ತ್ವವನ್ನು ಅನುಸರಿಸಿ, ದ್ರಾವಣವನ್ನು ಕಿರುಬೆರಳಿಗಿಂತ ಸಣ್ಣನೆಯ ಗಾಜಿನ ಕೊಳವೆಯಲ್ಲಿಟ್ಟು, ಇಂಗಾಲದ ಪರಮಾಣುಗಳು ಯಾವ ಯಾವ ಕಂಪನಕ್ಕೆ ಓಗೊಡುತ್ತವೆಂಬುದನ್ನು ಅಳೆಯುತ್ತಾರೆ. ಒಂದೊಂದು ಬಗೆಯ ಇಂಗಾಲವೂ ಕಾಗದದ ಮೇಲೆ ತನ್ನದೇ ಸ್ಥಾನದಲ್ಲಿ ಒಂದು ಗೆರೆಯನ್ನು ಎಬ್ಬಿಸುತ್ತದೆ. ಸ್ಥಾನವನ್ನು ದಶಲಕ್ಷಾಂಶಗಳಲ್ಲಿ ಹೇಳುವುದು ವಾಡಿಕೆ. ಅಳತೆಪಟ್ಟಿಯು ಹೆಚ್ಚುಕಡಮೆ 0ಯಿಂದ 220ರ ವರೆಗೆ ಇರುತ್ತದೆ. ನೆರೆಯಲ್ಲಿ ಆಮ್ಲಜನಕವಿದ್ದರೆ ಗೆರೆಯು ಮೇಲಕ್ಕೆ ಸರಿಯುತ್ತದೆ. ಎಪಾಕ್ಸೈಡ್ ಎಂದು ಕರೆಯಲ್ಪಡುವ ಮೂರು ಮೂಲೆಯ ಸಣ್ಣ ಉಂಗುರದಲ್ಲಿರುವ ಇಂಗಾಲವು ಸಾಮಾನ್ಯವಾಗಿ 50ರಿಂದ 65ರ ಒಳಗೆ ನಿಲ್ಲುವುದು. ಪೆರಾಕ್ಸೈಡ್ ಸೇತುವೆಯನ್ನು ಹೊತ್ತ ಇಂಗಾಲವು ಸಾಮಾನ್ಯವಾಗಿ 75ರಿಂದ 90ರ ಆಸುಪಾಸಿನಲ್ಲಿರುವುದು.

ಇಲ್ಲಿಯೇ ಎಡವುವ ಕಲ್ಲೂ ಇದೆ. ಇಂಗಾಲ ಜಲಜನಕಗಳು ತಮ್ಮ ನೆರೆಹೊರೆಯನ್ನು ತಾವೇ ಹೇಳುತ್ತವೆ. ಯಾವ ಜಲಜನಕವು ಯಾವ ಇಂಗಾಲದಿಂದ ಎರಡು ಮೂರು ಕೊಂಡಿಗಳ ದೂರದಲ್ಲಿದೆಯೆಂಬುದನ್ನು ತಿಳಿಯುವ ಪ್ರಯೋಗಗಳಿವೆ. ಎರಡೋ ಮೂರೋ ಎಂಬುದನ್ನು ಮಾತ್ರ ಅವು ಸ್ಪಷ್ಟಪಡಿಸವು. ಆಮ್ಲಜನಕವಂತೂ ಈ ಸಾಮಾನ್ಯ ಪ್ರಯೋಗಗಳಲ್ಲಿ ಮೂಕಸಾಕ್ಷಿ. ಅದರ ಇರುವಿಕೆಯನ್ನು ನೆರೆಯ ಇಂಗಾಲದ ಸ್ಥಾನದಿಂದ ಊಹಿಸಬೇಕು. ಏಳು ಆಮ್ಲಜನಕಗಳು ಒತ್ತೊತ್ತಾಗಿರುವ ಅಣುವಿನಲ್ಲಿ, ಯಾವುದು ಯಾವುದರೊಡನೆ ಸೇರಿದೆಯೆಂದು ಊಹಿಸುವಾಗ ಸಮರ್ಥರಾದವರೂ ಹಾದಿ ತಪ್ಪುವುದುಂಟು.

2006ನೆಯ ಇಸವಿಯ ಪ್ರಾರಂಭದಲ್ಲಿ ಜೇಮ್ಸ್ ಲಾ ಕ್ಲೇರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ‘ಆಂಗೆವಾಂಡ್ಟೆ ಕೆಮಿ’ ಎಂಬ ಹೆಸರಾಂತ ಪತ್ರಿಕೆಯಲ್ಲಿ ತಾವೊಬ್ಬರೇ ಲೇಖಕರಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಗ್ರೇಫೆಯವರು ಬರೆದಿದ್ದ ರಚನೆಯನ್ನೇ 37 ಹಂತಗಳಲ್ಲಿ ಕಟ್ಟಿದುದಾಗಿಯೂ, ಹಾಗೆ ಕಟ್ಟಿದ ವಸ್ತುವಿನ ರೋಹಿತವು ಅಣಬೆಯ ವಸ್ತುವಿನ ರೋಹಿತಕ್ಕೆ ಸರಿಹೊಂದುವುದಾಗಿಯೂ ಅದರಲ್ಲಿ ಹೇಳಿತ್ತು. ರಚನೆಯನ್ನು ಸ್ಥಾಪಿಸುವುದಕ್ಕೆ ಬಹುಕಾಲದಿಂದ ಮಾನ್ಯವಾಗಿರುವ ಮಾರ್ಗ ಇದು. ಗೊತ್ತಿರುವ ತುಂಡುಗಳಿಂದ ಗೊತ್ತಿರುವ ಕ್ರಮದಲ್ಲಿ ಕಟ್ಟಿದ ಅಣುವು ಪ್ರಕೃತಿಯ ಅಣುವಿನೊಡನೆ ಎಲ್ಲ ವಿಧದಲ್ಲಿಯೂ ಹೋಲಿದರೆ, ಎರಡೂ ಒಂದೇ ಎನ್ನಬೇಕು. ಮೇಲ್ನೋಟಕ್ಕೆ ಪ್ರಕರಣವು ಇತ್ಯರ್ಥವಾದಂತೆಯೇ ಇತ್ತು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಅರ್ವೈನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟ್ ರಿಚ್ನಾವ್ಸ್ಕಿ ಎಂಬ ಪ್ರಾಧ್ಯಾಪಕರು ಬೇರೊಂದು ದಾರಿಯಿಂದ ಬಂದರು. ಅವರು ಸೀಸೆಯನ್ನು ಮುಟ್ಟಲಿಲ್ಲ. ಕ್ವಾಂಟಮ್ ಸಿದ್ಧಾಂತದ ಸೂತ್ರಗಳಿಂದ, ಒಂದು ಅಣುವಿನ ಚಿತ್ರವನ್ನು ಕೊಟ್ಟರೆ ಅದರ ಇಂಗಾಲಗಳ ಗೆರೆಗಳು ಎಲ್ಲೆಲ್ಲಿ ಏಳಬೇಕೆಂಬುದನ್ನು ಲೆಕ್ಕ ಹಾಕಿದರು. ಮೊದಲು ಈ ಲೆಕ್ಕವನ್ನು, ರಚನೆಯು ಚೆನ್ನಾಗಿ ತಿಳಿದಿದ್ದ ಬೇರೆ ಕೆಲವು ಸಹಜ ವಸ್ತುಗಳ ಮೇಲೆ ಒರೆಹಚ್ಚಿ ನೋಡಿ, ಲೆಕ್ಕಕ್ಕೂ ಅಳತೆಗೂ ಇರುವ ಅಂತರವು ಅಲ್ಪವೆಂದು ಕಂಡುಕೊಂಡರು. ಈ ಮುನ್ನೆಚ್ಚರಿಕೆಯು ಮುಖ್ಯವಾದುದು. ತಕ್ಕಡಿಯನ್ನು ಗೊತ್ತಿರುವ ಬಟ್ಟಿನಿಂದ ಪರೀಕ್ಷಿಸದೆ, ಅದು ತೋರಿಸಿದ ತೂಕವನ್ನು ನಂಬುವವರು ಯಾರು?

ಬಳಿಕ ಹೆಕ್ಸಾಸೈಕ್ಲಿನಾಲಿನ ಪೆರಾಕ್ಸೈಡ್ ರಚನೆಯನ್ನು ಲೆಕ್ಕಕ್ಕೆ ಹಾಕಲಾಗಿ, ಲೆಕ್ಕದ ಸ್ಥಾನಗಳಿಗೂ ಅಣಬೆಯ ವಸ್ತುವಿನ ಸ್ಥಾನಗಳಿಗೂ ಒಂದೊಂದು ಇಂಗಾಲಕ್ಕೆ ಸರಾಸರಿ ಸುಮಾರು 7 ಅಂಶಗಳ ಅಂತರ ಬಂದಿತು. ಸರಿಯಾದ ರಚನೆಗೆ ಬರಬೇಕಾಗಿದ್ದುದು 2ರ ಸಮೀಪ. ಹಾಗಾದರೆ ಸರಿಯಾದುದು ಯಾವುದು? ಅದೇ ಅಣಬೆಯಿಂದ ದೊರೆತಿದ್ದ ಪೇನಿಪೊಫೆನಾಂಥ್ರಿನ್ ಎಂಬ ಇನ್ನೊಂದು ವಸ್ತುವಿನ ಕಡೆಗೆ ರಿಚ್ನಾವ್ಸ್ಕಿಯವರ ದೃಷ್ಟಿ ಹರಿಯಿತು. ಇದಕ್ಕೆ ಆಮ್ಲವು ತಗಲಿ ಅಣುವು ಮಗ್ಗುಲಾಗಿ ಹೊರಳಿ, ಮೆಥನಾಲ್ ಎಂಬ ಸಾರಾಯಿಯು ಅದಕ್ಕೆ ಬಂದು ಸೇರಿಕೊಂಡರೆ ಉಂಟಾಗುವ ರಚನೆಗೂ C₂₃H₂₈O₇ ಎಂಬುದೇ ಸೂತ್ರ. ಅದರಲ್ಲಿ ಪೆರಾಕ್ಸೈಡ್ ಸೇತುವೆಯಿಲ್ಲ. ಎರಡು ಎಪಾಕ್ಸೈಡ್ ಉಂಗುರಗಳಿವೆ. ಇದನ್ನು ಲೆಕ್ಕ ಹಾಕಿದಾಗ ಸರಾಸರಿ ಅಂತರವು 2ಕ್ಕಿಂತ ಕಡಮೆಗೆ ಇಳಿಯಿತು.

ಈ ಲೆಕ್ಕವು ಎಷ್ಟನ್ನು ಸಾಧಿಸಿತು ಎಂಬುದನ್ನು ಇಲ್ಲಿ ನಿಂತು ವಿಚಾರಿಸಬೇಕು. ಹಳೆಯ ರಚನೆಯನ್ನು ತಳ್ಳಿಹಾಕುವುದಕ್ಕೆ ಅದು ಬಲವಾದ ಆಧಾರ. ಹೊಸ ರಚನೆಯನ್ನು ಸ್ಥಾಪಿಸುವುದಕ್ಕೆ ಅದೊಂದೇ ಸಾಲದು. ಲೆಕ್ಕವು ನಾವು ಮುಂದಿಟ್ಟ ಚಿತ್ರಗಳೊಳಗೆ ಯಾವುದು ಮೇಲೆಂದು ಹೇಳಬಲ್ಲುದೇ ಹೊರತು, ನಮಗೆ ಹೊಳೆಯದೆ ಉಳಿದ ಚಿತ್ರದ ಸುದ್ದಿಯನ್ನೇ ಎತ್ತದು. ವಧೂವರರ ಜಾತಕಗಳನ್ನು ಹೋಲಿಸುವವರಿಗೂ ಕೈಗೆ ಬಾರದ ಜಾತಕದ ವಿಷಯ ತಿಳಿಯದಷ್ಟೆ!

ಆ ಕೊರತೆಯು ಬೇಗನೆ ತುಂಬಿತು. ಬಾಸ್ಟನ್ ವಿಶ್ವವಿದ್ಯಾನಿಲಯದ ಜಾನ್ ಪೋರ್ಕೊ ಎಂಬವರೂ ಅವರ ಸಂಗಡಿಗರೂ, ರಿಚ್ನಾವ್ಸ್ಕಿಯವರನ್ನೂ ಕೂಡಿಕೊಂಡು, ಅದೇ 2006ರಲ್ಲಿ ಹೊಸ ರಚನೆಯನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು. ಸಣ್ಣ ಅಣುಗಳೆರಡನ್ನು ಬೆಸೆದು, ಆಮ್ಲದಿಂದ ಹೊರಳಿಸಿ ಪಡೆದ ವಸ್ತುವಿನ ರೋಹಿತವು ಅಣಬೆಯ ವಸ್ತುವಿನ ರೋಹಿತಕ್ಕೆ ಸರಿಹೋಯಿತು. ಮೇಲಾಗಿ ಅದು ಹರಳುಗಟ್ಟಿತು; ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ಪರಮಾಣುಗಳ ಸ್ಥಾನಗಳನ್ನು ಗುರುತಿಸಲಾಯಿತು. ಕ್ಷ-ಕಿರಣದ ಸಾಕ್ಷ್ಯವನ್ನು ಕೂಡ ಕಣ್ಣು ಮುಚ್ಚಿ ಒಪ್ಪಬಾರದೆಂಬುದಕ್ಕೆ ಡಯಾಜೊನಮೈಡ್ ಎಂಬ ವಸ್ತುವೇ ದೃಷ್ಟಾಂತ. 1991ರಲ್ಲಿ ಪ್ರಕಟವಾದ ಅದರ ರಚನೆಯಲ್ಲಿ ಸಾರಜನಕವಿರಬೇಕಾದೆಡೆ ಆಮ್ಲಜನಕವೆಂದು ಓದಿದ್ದರೆಂಬುದು ಹತ್ತು ವರ್ಷಗಳ ಮೇಲೆ ಬಯಲಾಯಿತು. ಆ ಎರಡು ಪರಮಾಣುಗಳು ಕ್ಷ-ಕಿರಣದ ದೃಷ್ಟಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೆಕ್ಸಾಸೈಕ್ಲಿನಾಲಿನಲ್ಲಿಯಾದರೋ ಲೆಕ್ಕ, ಕಟ್ಟಡ, ಹರಳು ಎಂಬ ಮೂರು ಸಾಕ್ಷಿಗಳೂ ಒಂದನ್ನೊಂದು ಕೇಳದೆ ಒಂದೇ ಮಾತನ್ನು ನುಡಿದವು.

ಈಗ 37 ಹಂತಗಳ ಲೇಖನದ ಗತಿಯೇನು? ಬೇರೆ ರಚನೆಯನ್ನು ಕಟ್ಟಿದವರಿಗೂ ಅದೇ ರೋಹಿತ ದೊರೆಯಿತೆನ್ನುವುದು ಹೇಗೆ? ಎರಡು ಬೇರೆ ಅಣುಗಳಿಗೆ ಅಕಸ್ಮಾತ್ತಾಗಿ ಒಂದೇ ರೋಹಿತವಿರಬಹುದೇ ಎಂಬ ಪ್ರಶ್ನೆಯನ್ನು ಇಟಲಿಯ ಸಾಯೆಲ್ಲಿ ಮತ್ತು ಬಾನ್ಯೊ ಎಂಬಿಬ್ಬರು 2009ರಲ್ಲಿ ಲೆಕ್ಕದಿಂದ ಪರೀಕ್ಷಿಸಿದರು. ಆ ಎರಡು ರಚನೆಗಳ ರೋಹಿತಗಳೂ ಸ್ಪಷ್ಟವಾಗಿ ಬೇರೆಯಾಗಿರಬೇಕೆಂದೇ ಅವರಿಗೆ ಉತ್ತರ ಬಂದಿತು.

ಲೇಖನವನ್ನೇ ತೆರೆದು ನಿರ್ಣಯಿಸೋಣವೆಂದರೆ ಬೇಕಾದ ಪತ್ರಗಳು ಅದರಲ್ಲಿರಲಿಲ್ಲ. ಒಳ್ಳೆಯ ಲೇಖನದಲ್ಲಿ ಪ್ರತಿಯೊಂದು ಹಂತದ ವಸ್ತುವಿಗೂ ತಯಾರಿಸಿದ ಕ್ರಮ, ಸೂಕ್ಷ್ಮವಾದ ತೂಕ, ಗೆರೆಗಳ ಪಟ್ಟಿ, ಎಲ್ಲಕ್ಕಿಂತ ಮಿಗಿಲಾಗಿ ಯಂತ್ರವು ಬರೆದ ರೋಹಿತದ ಯಥಾಪ್ರತಿ ಇರಬೇಕು. ಪಟ್ಟಿಯೆಂಬುದು ಲೇಖಕರು ಆರಿಸಿ ಬರೆದದ್ದು. ಬೇಡವಾದ ಗೆರೆಯನ್ನು ಅದರಲ್ಲಿ ಬಿಟ್ಟುಬಿಡಬಹುದು. ಯಥಾಪ್ರತಿಯಲ್ಲಾದರೆ ಕಲ್ಮಷದ ಗೆರೆಗಳು ತಾವಾಗಿ ತಲೆಯೆತ್ತುತ್ತವೆ. ದ್ರಾವಕವು ಕ್ಲೋರೊಫಾರಂ ಆಗಿದ್ದರೆ ಅದರ ಗೆರೆಯು 77ರಲ್ಲಿ ಇರಲೇಬೇಕು. 23 ಇಂಗಾಲಗಳೆಂದ ಮೇಲೆ 23 ಗೆರೆಗಳು ಎಣಿಕೆಗೆ ಸಿಕ್ಕಬೇಕು. ಕಡಮೆಯಾದರೆ ಎರಡು ಒಂದರ ಮೇಲೊಂದು ಬಿದ್ದಿವೆಯೋ ಎಂಬುದಕ್ಕೆ ಸಮಾಧಾನ ಹೇಳಬೇಕು. ಮಧ್ಯದ ಹಂತಗಳ ಇಂಥ ವಿವರಗಳೂ ಮುಖ್ಯವಾದ ರೋಹಿತಗಳ ಪ್ರತಿಗಳೂ ಇಲ್ಲದಿರುವುದರಿಂದ ಹೇಳಿಕೆಯನ್ನು ಪರಿಶೀಲಿಸುವುದು ಅಸಾಧ್ಯವೆಂಬ ಕಾರಣದಿಂದಲೇ 2012ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ಕೊರತೆಯನ್ನು ಲೇಖಕರೂ ಒಪ್ಪಿಕೊಂಡರು. ಲೇಖನವು ಅಚ್ಚಾಗುವ ಮುನ್ನವೇ ಪರೀಕ್ಷಕರು ಆ ಪ್ರತಿಗಳನ್ನು ಕೇಳಿದ್ದರೆ ಆರು ವರ್ಷಗಳ ಜಗ್ಗಾಟವು ಉಳಿಯುತ್ತಿತ್ತೆಂದು ನಮಗೆ ತೋರುತ್ತದೆ.

ಒಂದು ಸಂಗತಿಯು ಇನ್ನೂ ಉಳಿದಿದೆ. ಹೊಸ ರಚನೆಯಲ್ಲಿ ಮೆಥನಾಲಿನಿಂದ ಬಂದ ತುಂಡೊಂದು ಸೇರಿದೆಯಷ್ಟೆ. ಅಣಬೆಗಳಿಂದ ಸತ್ತ್ವವನ್ನು ಇಳಿಸುವುದಕ್ಕೆ ರಸಾಯನಶಾಸ್ತ್ರಜ್ಞರು ಸಾಮಾನ್ಯವಾಗಿ ಬಳಸುವ ದ್ರಾವಕಗಳಲ್ಲಿ ಮೆಥನಾಲೂ ಒಂದು. ಹಾಗಿರುವಲ್ಲಿ ಹೆಕ್ಸಾಸೈಕ್ಲಿನಾಲನ್ನು ಅಣಬೆಯೇ ತನ್ನ ಮೈಯಲ್ಲಿ ಮಾಡಿಕೊಂಡಿತೋ, ಪೇನಿಪೊಫೆನಾಂಥ್ರಿನ್ ಮಾತ್ರ ಅಣಬೆಯದಾಗಿದ್ದು ಉಳಿದುದು ಸೀಸೆಯಲ್ಲಿ ನಡೆಯಿತೋ ಎಂಬ ಪ್ರಶ್ನೆಗೆ ರೋಹಿತಗಳೂ ಹರಳೂ ಉತ್ತರ ಹೇಳಲಾರವು. ಅದಕ್ಕೆ ಮೆಥನಾಲನ್ನು ಸೋಕಿಸದೆ ಅಣಬೆಯ ಸತ್ತ್ವವನ್ನು ಇಳಿಸಿ ನೋಡಬೇಕು.