ಎನ್‌ಆರ್‌ಓ ಬಡ್ಡಿಯ ಮೇಲೆ ಹೆಚ್ಚು ಕಡಿತವಾದ ತೆರಿಗೆ

ಅನಿವಾಸಿಯೊಬ್ಬರ ಎನ್‌ಆರ್‌ಓ ಉಳಿತಾಯ ಖಾತೆಗೆ ಬಡ್ಡಿ ಜಮೆಯಾಗುವಾಗ ಬ್ಯಾಂಕು ಶೇ. 30ರಷ್ಟು ತೆರಿಗೆ, ಅದರ ಮೇಲೆ ಶೇ. 4ರ ಸೆಸ್, ಒಟ್ಟು ಶೇ. 31.2ರಷ್ಟನ್ನು ಮುರಿದುಕೊಳ್ಳುತ್ತದೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಇದಕ್ಕೆ ಕನಿಷ್ಠ ಮಿತಿಯೇ ಇಲ್ಲ. ನೂರು ರೂಪಾಯಿ ಬಡ್ಡಿ ಬಂದರೂ ಕಡಿತ ತಪ್ಪದು. ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಈ ತಾಪತ್ರಯ ಎನ್‌ಆರ್‌ಓ ಖಾತೆಯದ್ದು ಮಾತ್ರ.

ಎರಡು ದೇಶಗಳಲ್ಲೂ ತೆರಿಗೆ ಬೀಳದಂತೆ ಭಾರತ ಹಲವು ದೇಶಗಳೊಡನೆ ಒಪ್ಪಂದ ಮಾಡಿಕೊಂಡಿದೆ. ಅವುಗಳಲ್ಲಿ ಬಡ್ಡಿಯ ಮೇಲೆ ಭಾರತ ಹಾಕಬಹುದಾದ ತೆರಿಗೆಗೆ ಒಂದು ಮೇಲ್ಮಿತಿ ಇದೆ. ಅಮೆರಿಕದಲ್ಲಿ ನೆಲೆಸಿರುವ ಸಾಮಾನ್ಯ ಖಾತೆದಾರರಿಗೆ ಅದು ಶೇ. 15, ಜರ್ಮನಿಯವರಿಗೆ ಶೇ. 10, ಯುಎಇಯವರಿಗೆ ಶೇ. 12.5. ಕಾಯ್ದೆ ಮತ್ತು ಒಪ್ಪಂದ ಎರಡರಲ್ಲಿ ತನಗೆ ಅನುಕೂಲವಾದುದನ್ನು ತೆರಿಗೆದಾರ ಆರಿಸಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಆದರೆ ದಾಖಲೆ ಕೈಗೆ ಬರುವ ತನಕ ಬ್ಯಾಂಕು ಪೂರ್ತಿ ದರದಲ್ಲೇ ಕಡಿಯುತ್ತದೆ. ಕಡಿಮೆ ಕಡಿದರೆ ಇಲಾಖೆ ಹಿಡಿಯುವುದು ಬ್ಯಾಂಕನ್ನೇ ಆದ್ದರಿಂದ ಅದನ್ನು ದೂರುವಂತೆಯೂ ಇಲ್ಲ.

ಬೇಕಾದ ಮುಖ್ಯ ದಾಖಲೆಗಳು ಎರಡು: ನೆಲೆಸಿರುವ ದೇಶದ ತೆರಿಗೆ ಇಲಾಖೆ ಕೊಡುವ ನಿವಾಸಿ ಪ್ರಮಾಣಪತ್ರ, ಅಂದರೆ ಟಿಆರ್‌ಸಿ, ಮತ್ತು ಭಾರತದ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಸುವ ಫಾರಂ, 2024-25ರಲ್ಲಿ ಅದು 10ಎಫ್. ಅಮೆರಿಕದಲ್ಲಿ ಟಿಆರ್‌ಸಿಗೆ ಫಾರಂ 6166 ಎಂದು ಹೆಸರು. ಫಾರಂ 8802ರಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕೆಲವು ವಾರ ಕಾಯಬೇಕು. ಎಡವಟ್ಟಾಗುವುದು ಇಲ್ಲೇ. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ 2024-25ರ ಇಡೀ ಬಡ್ಡಿಗೆ ರಕ್ಷಣೆ ಬೇಕೆಂದರೆ 2024 ಮತ್ತು 2025 ಎರಡೂ ವರ್ಷಗಳ ಪ್ರಮಾಣಪತ್ರ ಇರಬೇಕು. ಹಿಂದಿನ ವರ್ಷ ಕೊಟ್ಟ ಕಾಗದ ಈ ವರ್ಷ ನಡೆಯುವುದಿಲ್ಲ.

ಕಡಿದ ಹಣ ಸರ್ಕಾರಕ್ಕೆ ಸಂದಾಯವಾದ ಮೇಲೆ ಬ್ಯಾಂಕನ್ನು ಕೇಳಿ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಭಾರತದಲ್ಲಿ ರಿಟರ್ನ್ ಸಲ್ಲಿಸಿ ರಿಫಂಡ್ ಪಡೆಯಬೇಕು. ಆದರೆ ಒಪ್ಪಂದದ ದರವೇ ಸದಾ ಲಾಭದ್ದು ಎಂದುಕೊಳ್ಳುವುದು ತಪ್ಪು. ಉದಾಹರಣೆಗೆ, ಅಮೆರಿಕದಲ್ಲಿರುವ ಬೆಂಗಳೂರಿನ ಮಹಿಳೆಯೊಬ್ಬರಿಗೆ 2024-25ರಲ್ಲಿ 80,000 ರೂ. ಉಳಿತಾಯ ಬಡ್ಡಿ ಬಂತೆಂದು ಇಟ್ಟುಕೊಳ್ಳೋಣ. ಬ್ಯಾಂಕು ಕಡಿದದ್ದು 24,960 ರೂ. ಭಾರತದಲ್ಲಿ ಅವರಿಗೆ ಬೇರೆ ಆದಾಯವೇ ಇಲ್ಲದಿದ್ದರೆ, ಹೊಸ ಪದ್ಧತಿಯ ಆ ವರ್ಷದ 3 ಲಕ್ಷದ ಮೂಲ ಮಿತಿ ಅನಿವಾಸಿಗೂ ಅನ್ವಯಿಸುವುದರಿಂದ ತೆರಿಗೆ ಸೊನ್ನೆ. ಒಪ್ಪಂದದ ಗೊಡವೆಯೇ ಇಲ್ಲದೆ ಅಷ್ಟೂ ಹಣ ವಾಪಸ್ ಬರಬೇಕು. ಒಪ್ಪಂದವನ್ನು ನೆಚ್ಚಿಕೊಂಡು ಶೇ. 15 ಎಂದು ತುಂಬಿದರೆ 12,000 ರೂ. ಸುಮ್ಮನೆ ಕೊಟ್ಟಂತೆ.

ಅದೇ ಮಹಿಳೆಗೆ ಕಟ್ಟಡದ ಬಾಡಿಗೆಯಿಂದ ತೆರಿಗೆಗೆ ಒಳಪಡುವ 16 ಲಕ್ಷ ರೂ. ಆದಾಯವೂ ಇದ್ದರೆ ಲೆಕ್ಕ ತಿರುಗುತ್ತದೆ. ಬಡ್ಡಿ ಶೇ. 30ರ ಸ್ಲ್ಯಾಬ್‌ಗೆ ಸೇರುವುದರಿಂದ ಬ್ಯಾಂಕು ಕಡಿದದ್ದು ಕಾಯ್ದೆಯ ಪ್ರಕಾರ ಸರಿಯೇ. ಇಲ್ಲಿ ಒಪ್ಪಂದ ಕೈಹಿಡಿಯುತ್ತದೆ: ಬಡ್ಡಿಗೆ 12,000 ರೂ. ತೆರಿಗೆ, ಉಳಿಕೆ 12,960 ರೂ. ಬಾಡಿಗೆಯ ತೆರಿಗೆಗೆ ವಜಾ ಆಗುತ್ತದೆ ಅಥವಾ ರಿಫಂಡ್ ಆಗುತ್ತದೆ. ಆ ವರ್ಷದ ಸ್ಲ್ಯಾಬ್‌ಗಳಲ್ಲಿ ಇತರ ಆದಾಯ ಸುಮಾರು 10 ಲಕ್ಷ ದಾಟಿದ ಮೇಲಷ್ಟೇ ಶೇ. 15ರ ದರ ಅಗ್ಗವಾಗುತ್ತಿತ್ತು.

ಈ ದರ ಕೇಳಲು ಐಟಿಆರ್-2ರ ಷೆಡ್ಯೂಲ್ ಓಎಸ್‌ನಲ್ಲಿ ಪ್ರತ್ಯೇಕ ಕೋಷ್ಟಕವಿದೆ. ದೇಶ, ಒಪ್ಪಂದದ 11ನೇ ವಿಧಿ, ಒಪ್ಪಂದದ ದರ, ಕಾಯ್ದೆಯ ದರ ಇವನ್ನೆಲ್ಲ ಅಲ್ಲಿ ತುಂಬಬೇಕು. ಟಿಆರ್‌ಸಿ ಪಡೆದಿದ್ದೀರಾ ಎಂಬ ಪ್ರಶ್ನೆಗೆ ಹೌದು ಎನ್ನಬೇಕಾದರೆ ಆ ಕಾಗದ ನಿಜಕ್ಕೂ ಕೈಯಲ್ಲಿರಬೇಕು. ಬಡ್ಡಿಯನ್ನು ಮಾಮೂಲಿ ಸಾಲಿನಲ್ಲಷ್ಟೇ ತೋರಿಸಿ ಕೋಷ್ಟಕ ಖಾಲಿ ಬಿಟ್ಟರೆ ಸ್ಲ್ಯಾಬ್ ದರವೇ ಬೀಳುತ್ತದೆ. ಒಪ್ಪಂದದ ದರದ ಮೇಲೆ ಸೆಸ್ ಸೇರಿಸಬಾರದೆಂದು ನ್ಯಾಯಮಂಡಳಿಗಳು ಹೇಳಿವೆ. ಕೊನೆಯ ಲೆಕ್ಕದಲ್ಲಿ ಅದು ನುಸುಳಿದೆಯೇ ನೋಡಬೇಕು. ಕಡಿತದ ಮೊತ್ತ ಫಾರಂ 26ಎಎಸ್‌ನೊಂದಿಗೆ ತಾಳೆಯಾಗಬೇಕು.

ಮಾಮೂಲಿ ಗಡುವು ಜುಲೈ 31. ತಡವಾದವರು ಡಿಸೆಂಬರ್ 31ರವರೆಗೆ ಸಲ್ಲಿಸಬಹುದು. ಅದೂ ದಾಟಿದರೆ ವಿಳಂಬ ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕಲು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 5 ವರ್ಷ ಸಮಯವಿದೆ, ಆದರೆ ತಡವಾದದ್ದಕ್ಕೆ ಸರಿಯಾದ ಕಾರಣ ಕೊಡಬೇಕು. ಹೋದರೆ ಹೋಗಲಿ, ಅಮೆರಿಕದಲ್ಲಿ ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳೋಣ ಎನ್ನುವವರಿದ್ದಾರೆ. ಅದೂ ನಡೆಯದು. ಭಾರತದಿಂದ ವಾಪಸ್ ಪಡೆಯಬಹುದಾಗಿದ್ದ ತೆರಿಗೆಯನ್ನು ಅಲ್ಲಿನ ಇಲಾಖೆ ಕಡ್ಡಾಯ ಪಾವತಿ ಎಂದು ಒಪ್ಪುವುದಿಲ್ಲ. ಬಾಡಿಗೆ ಆದಾಯವಿರುವ ಆ ಮಹಿಳೆಗೆ ಬಡ್ಡಿಯ ಬಾಬ್ತು ಅಲ್ಲಿ ಸಿಗುವ ವಜಾ ಹೆಚ್ಚೆಂದರೆ 12,000 ರೂಪಾಯಿಯದ್ದು.