ದೀಪ ಆರುವ ಹೊತ್ತಿನ ಲೆಕ್ಕ

ನಮ್ಮ ಮನೆಯ ಮಹಡಿ ಮೆಟ್ಟಿಲಿಗೆ ಕಿಟಕಿಯಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡೇ ಹತ್ತಬೇಕು, ಮೇಲೆ ಹೋದವರು ಅದನ್ನು ಆರಿಸಲು ಮರೆಯುತ್ತಾರೆ. ಗುಂಡಿ ಒತ್ತಿದರೆ ಹತ್ತಿಕೊಂಡು ಒಂದು ನಿಮಿಷಕ್ಕೆ ತಾನಾಗಿ ಆರಲಿ ಎಂದು ಒಂದು ಟೈಮರ್ ಮಾಡಿದೆ. ಅದರಲ್ಲಿರುವುದು 555 ಎಂಬ ಎಂಟು ಕಾಲಿನ ಐಸಿ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ದೀಪದ ಸ್ವಿಚ್ ಆಗಿ ಒಂದು ರಿಲೇ. ಲೆಕ್ಕದ ಪ್ರಕಾರ 62 ಸೆಕೆಂಡಿಗೆ ಆರಬೇಕಿದ್ದ ದೀಪ 86 ಸೆಕೆಂಡ್ ಉರಿಯಿತು. ಹಾಳಾಗಿ ಹೋಗಲಿ ಎಂದು ಬಿಟ್ಟೆ.

ವಾರ ಕಳೆದ ಮೇಲೆ ಅಮ್ಮ, "ಒಣಗಿದ ಬಟ್ಟೆ ಎತ್ತಿಕೊಂಡು ಇಳಿಯೋದರೊಳಗೆ ಆರಿಬಿಡುತ್ತೆ ಕಣೋ, ಇನ್ನೂ ಸ್ವಲ್ಪ ಹೊತ್ತು ಇರೋ ಹಾಗೆ ಮಾಡು" ಎಂದರು. ನಾಲ್ಕು ನಿಮಿಷ ಬರಲಿ ಎಂದು ರೆಸಿಸ್ಟರ್ ಒಂದನ್ನು ಬದಲಾಯಿಸಿದೆ. ಆ ರಾತ್ರಿ ದೀಪ ಆರಲೇ ಇಲ್ಲ. ಬೆಳಿಗ್ಗೆ ನೋಡಿದರೂ ಉರಿಯುತ್ತಿತ್ತು.

ಹೆಚ್ಚಿಗೆ ಉರಿದ 24 ಸೆಕೆಂಡಿಗೂ ಆರದೇ ಉಳಿದ ದೀಪಕ್ಕೂ ಕಾರಣ ಒಂದೇ. ಅದನ್ನು ಹಿಡಿಯಲು ಪಿಯುಸಿಯಲ್ಲಿ ಓದಿ ಮರೆತಿದ್ದ ಲಾಗರಿದಮ್ ಬೇಕಾಯಿತು.

ಮೊದಲು ಟೈಮರ್ ಒಳಗೆ ಆಗುವುದೇನು ನೋಡೋಣ. ಕೆಪಾಸಿಟರ್ ಎಂದರೆ ವಿದ್ಯುತ್ತು ತುಂಬಿಕೊಳ್ಳುವ ಪಾತ್ರೆ. ಅದಕ್ಕೆ 12 ವೋಲ್ಟಿನ ಸಪ್ಲೈನಿಂದ ಒಂದು ರೆಸಿಸ್ಟರ್ ಮೂಲಕ ಕರೆಂಟು ಹರಿಯುತ್ತದೆ. ಗುಂಡಿ ಒತ್ತುವವರೆಗೂ ಐಸಿ ಕೆಪಾಸಿಟರನ್ನು ಖಾಲಿಯಾಗಿಯೇ ಹಿಡಿದಿರುತ್ತದೆ. ಒತ್ತಿದ ಕೂಡಲೇ ಹಿಡಿತ ಬಿಟ್ಟು ದೀಪ ಹಚ್ಚುತ್ತದೆ, ಕೆಪಾಸಿಟರ್ ಸೊನ್ನೆಯಿಂದ ತುಂಬತೊಡಗುತ್ತದೆ. ಅದರ ವೋಲ್ಟೇಜು ಸಪ್ಲೈನ ಮೂರರಲ್ಲಿ ಎರಡು ಪಾಲು, ಅಂದರೆ 8 ವೋಲ್ಟ್ ಮುಟ್ಟಿದಾಗ ಐಸಿ ದೀಪ ಆರಿಸಿ ಕೆಪಾಸಿಟರನ್ನು ಮತ್ತೆ ಖಾಲಿ ಮಾಡುತ್ತದೆ. ಹಾಗಾಗಿ ದೀಪ ಉರಿಯುವ ಹೊತ್ತು ಎಂದರೆ ಸೊನ್ನೆಯಿಂದ 8 ವೋಲ್ಟಿಗೆ ಏರಲು ಹಿಡಿಯುವ ಹೊತ್ತು.

ಈ ಏರಿಕೆ ಒಂದೇ ಸಮನಾಗಿ ನಡೆಯುವುದಿಲ್ಲ. ಸದಾ ತುಂಬಿರುವ ದೊಡ್ಡ ತೊಟ್ಟಿಯ ಬುಡಕ್ಕೆ ಸಣ್ಣ ಪೈಪು ಜೋಡಿಸಿ, ಆಚೆ ತುದಿಗೆ ಖಾಲಿ ಡ್ರಮ್ಮಿನ ಬುಡ ಸೇರಿಸಿದರೆ ಏನಾಗುತ್ತದೆ? ಮೊದಲಿಗೆ ನೀರು ರಭಸದಿಂದ ನುಗ್ಗುತ್ತದೆ. ಡ್ರಮ್ಮಿನ ಮಟ್ಟ ಏರಿದಂತೆ ಎರಡರ ನಡುವಿನ ಅಂತರ ಕಡಿಮೆಯಾಗಿ ಹರಿವು ನಿಧಾನವಾಗುತ್ತದೆ. ನನ್ನ ಟೈಮರಿನ ರೆಸಿಸ್ಟರ್ 560 ಕಿಲೋ ಓಮ್. ಶುರುವಿನಲ್ಲಿ ಅಂತರ 12 ವೋಲ್ಟ್ ಇರುವುದರಿಂದ ಹರಿಯುವ ಕರೆಂಟು ಸುಮಾರು 21 ಮೈಕ್ರೋ ಆಂಪಿಯರ್. ಕೆಪಾಸಿಟರ್ 8 ವೋಲ್ಟ್ ತಲುಪುವ ಹೊತ್ತಿಗೆ ಉಳಿಯುವ ಅಂತರ 4 ವೋಲ್ಟ್, ಕರೆಂಟು ಕೇವಲ 7 ಮೈಕ್ರೋ ಆಂಪಿಯರ್.

ತುಂಬುವ ವೇಗ ಉಳಿದ ಅಂತರಕ್ಕೆ ತಕ್ಕ ಹಾಗಿರುವುದರಿಂದ ಒಂದು ಸೊಗಸಾದ ನಿಯಮ ಹುಟ್ಟುತ್ತದೆ. ಸಮಾನ ಹೊತ್ತು ಕಳೆದಾಗಲೆಲ್ಲ ಅಂತರ ಸಮಾನ ಪಾಲಿಗೆ ಕುಗ್ಗುತ್ತದೆ. ರೆಸಿಸ್ಟರ್ ಬೆಲೆಯನ್ನು ಕೆಪಾಸಿಟರ್ ಬೆಲೆಯಿಂದ ಗುಣಿಸಿದರೆ ಬರುವುದು ಸೆಕೆಂಡುಗಳು. ನನ್ನದರಲ್ಲಿ 560 ಕಿಲೋ ಓಮ್ ಮತ್ತು 100 ಮೈಕ್ರೋಫ್ಯಾರಡ್ ಸೇರಿ 56 ಸೆಕೆಂಡ್. ಇದಕ್ಕೆ RC ಎನ್ನುತ್ತಾರೆ. ಒಂದೊಂದು RC ಕಳೆದಾಗಲೂ ಅಂತರ 2.718ರಿಂದ ಭಾಗಿಸಿದಷ್ಟಾಗುತ್ತದೆ. ಗಣಿತದಲ್ಲಿ e ಎಂಬ ಹೆಸರಿನ ಸಂಖ್ಯೆ ಇದೇ.

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು. ಅಂತರ 12ರಿಂದ 4ಕ್ಕೆ ಇಳಿಯಬೇಕು, ಅಂದರೆ 3ರಿಂದ ಭಾಗವಾಗಬೇಕು. ಅದಕ್ಕೆ ಎಷ್ಟು RC ಬೇಕು? ಒಂದು RC ಕಳೆದರೆ 2.718ರಿಂದ ಭಾಗವಾಗಿ 4.41 ವೋಲ್ಟ್ ಅಂತರ ಉಳಿಯುತ್ತದೆ. ಇನ್ನೂ ಚೂರು ಬಾಕಿ. ಒಂದು ಸಾಲದು, ಒಂದಕ್ಕಿಂತ ತುಸು ಹೆಚ್ಚು ಬೇಕು. ಆ "ತುಸು" ಎಷ್ಟು ಎಂದು ಹೇಳುವುದೇ ಲಾಗರಿದಮ್. 2.718ರಿಂದ ಎಷ್ಟು ಸಲ ಭಾಗಿಸಿದರೆ 3ರಿಂದ ಒಮ್ಮೆ ಭಾಗಿಸಿದಂತಾಗುತ್ತದೆ ಎಂಬ ಎಣಿಕೆ ಅದು. ಕ್ಯಾಲ್ಕುಲೇಟರಿನಲ್ಲಿ 3ರ ln ಕೇಳಿದರೆ 1.0986 ಎನ್ನುತ್ತದೆ. ಹಳೆಯ ಲಾಗ್ ಟೇಬಲ್ ಪುಸ್ತಕ ಇದ್ದರೆ 3ರ ಎದುರಿಗಿರುವ 0.4771ನ್ನು 2.3026ರಿಂದ ಗುಣಿಸಿದರೂ ಅದೇ ಉತ್ತರ. 56 ಸೆಕೆಂಡನ್ನು 1.0986ರಿಂದ ಗುಣಿಸಿದರೆ ಸುಮಾರು 62 ಸೆಕೆಂಡ್. ಯಾವುದೇ ಹೊಸ್ತಿಲು ವೋಲ್ಟೇಜಿಗೂ ಸೂತ್ರ ಇಷ್ಟೇ:

t = R × C × ln( V / (V − Vth) )

ಇಲ್ಲಿ V ಸಪ್ಲೈ, Vth ಹೊಸ್ತಿಲು. ಕಂಸದೊಳಗಿರುವುದು ಶುರುವಿನ ಅಂತರಕ್ಕೂ ಕೊನೆಗೆ ಉಳಿಯುವ ಅಂತರಕ್ಕೂ ಇರುವ ಅನುಪಾತ ಮಾತ್ರ. 555ರ ಜಾಣತನ ಇರುವುದು ಇಲ್ಲಿ. ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಈ ಐಸಿಯನ್ನು ವಿನ್ಯಾಸ ಮಾಡಿದರು. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದರೊಳಗೆ ಮೂರು ಸಮಾನ ರೆಸಿಸ್ಟರುಗಳು ಸಪ್ಲೈಯನ್ನು ಮೂರು ಪಾಲು ಮಾಡುತ್ತವೆ. ಹೊಸ್ತಿಲು ಯಾವಾಗಲೂ ಸಪ್ಲೈನ ಮೂರರಲ್ಲಿ ಎರಡು ಪಾಲು. ಸಪ್ಲೈ 12 ಇರಲಿ, 9 ಇರಲಿ, ಅನುಪಾತ 3 ಆಗಿಯೇ ಉಳಿಯುತ್ತದೆ, ಹೊತ್ತು ಬದಲಾಗುವುದಿಲ್ಲ.

ಒಂದೇ ಟ್ರಾನ್ಸಿಸ್ಟರ್ ಹಾಕಿ ಮಾಡುವ ಅಗ್ಗದ ಟೈಮರಿನಲ್ಲಿ ಈ ಅನುಕೂಲ ಸಿಗದು. ಟ್ರಾನ್ಸಿಸ್ಟರ್ ಸುಮಾರು 0.6 ವೋಲ್ಟಿಗೇ ಎಚ್ಚರವಾಗುತ್ತದೆ, ಸಪ್ಲೈ ಎಷ್ಟಿದ್ದರೂ ಅದಕ್ಕೆ ಅಷ್ಟೇ. ಸೂತ್ರದಲ್ಲಿ ಹಾಕಿ ನೋಡಿದರೆ 12 ವೋಲ್ಟಿನಲ್ಲಿ ಹೊತ್ತು 0.051 RC, 9 ವೋಲ್ಟಿನಲ್ಲಿ 0.069 RC. ಬ್ಯಾಟರಿ ಇಳಿಯುತ್ತಾ ಹೋದಂತೆ ಟೈಮರ್ ಮೂರನೇ ಒಂದರಷ್ಟು ಉದ್ದವಾಗಿಬಿಡುತ್ತದೆ.

ಹಾಗಾದರೆ ಹೊಸ್ತಿಲನ್ನು ಇನ್ನೂ ಮೇಲಕ್ಕೆ, ಶೇ 95ಕ್ಕೆ ಇಟ್ಟು ಅದೇ ಬಿಡಿಭಾಗಗಳಿಂದ ಮೂರು RC ಹೊತ್ತು ಪಡೆಯಬಹುದಲ್ಲ? ಪಡೆಯಬಹುದು, ಆದರೆ ಅಷ್ಟು ಎತ್ತರದಲ್ಲಿ ಏರಿಕೆ ಆಮೆ ನಡಿಗೆ. ಹೊಸ್ತಿಲು ಶೇ 95ರ ಬದಲು 96ಕ್ಕೆ ಜಾರಿದರೆ ಹೊತ್ತು ಶೇ 7ರಷ್ಟು ಹೆಚ್ಚುತ್ತದೆ. ಶೇ 5ರಷ್ಟು ಕೆಳಗಿಟ್ಟರೆ ಇನ್ನೂ ಕಷ್ಟ: 5ರಿಂದ 6ಕ್ಕೆ ಜಾರಿದರೆ ಶೇ 20ರ ವ್ಯತ್ಯಾಸ. ಮೂರರಲ್ಲಿ ಎರಡು ಪಾಲಿನ ಹತ್ತಿರ ಅಷ್ಟೇ ಜಾರಿಕೆಗೆ ವ್ಯತ್ಯಾಸ ಸುಮಾರು ಶೇ 3 ಮಾತ್ರ. ಗಣಿತದ ಪ್ರಕಾರ ಎಲ್ಲಕ್ಕಿಂತ ನೆಮ್ಮದಿಯ ಜಾಗ ಶೇ 63. ಮೂರು ಸಮಾನ ರೆಸಿಸ್ಟರ್ ಇಟ್ಟರೆ ಸಿಗುವ ಶೇ 66.7 ಅದರ ಪಕ್ಕದಲ್ಲೇ ಇದೆ.

ಇಷ್ಟೆಲ್ಲ ಸರಿಯಿದ್ದೂ ನನ್ನ ದೀಪ 86 ಸೆಕೆಂಡ್ ಉರಿದದ್ದೇಕೆ? ಮೊದಲ ಅನುಮಾನ ಕೆಪಾಸಿಟರಿನ ಬೆಲೆಯ ಮೇಲೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ಬರೆದ ಬೆಲೆಗಿಂತ ಶೇ 20 ಆಚೀಚೆ ಆಗುವುದು ಮಾಮೂಲು. ಆದರೆ ಇದು ಶೇ 39 ಹೆಚ್ಚು. ಮೇಲಾಗಿ ಬೆಲೆ ಎಷ್ಟೇ ಹೆಚ್ಚಿದ್ದರೂ ದೀಪ ತಡವಾಗಿ ಆರಬೇಕೇ ಹೊರತು ಆರದೇ ಉಳಿಯಬಾರದು.

ನಾಲ್ಕು ನಿಮಿಷಕ್ಕೆಂದು ನಾನು ಹಾಕಿದ್ದು 2.2 ಮೆಗಾ ಓಮ್ ರೆಸಿಸ್ಟರ್. RC 220 ಸೆಕೆಂಡ್, ಅದರ 1.0986 ಪಟ್ಟು ಎಂದರೆ 242 ಸೆಕೆಂಡ್. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಕೆಪಾಸಿಟರಿನ ಎರಡು ಕಾಲಿಗೆ ಮಲ್ಟಿಮೀಟರ್ ಹಿಡಿದು ಕಾದೆ. ವೋಲ್ಟೇಜು ನಿಧಾನಕ್ಕೆ ಏರಿ 4.4ರಲ್ಲಿ ನಿಂತುಬಿಟ್ಟಿತು. ಅರ್ಧ ಗಂಟೆಯಾದರೂ ಕದಲಲಿಲ್ಲ.

ನಿಂತ ಆ ಅಂಕಿಯೇ ಗುಟ್ಟು ಬಿಟ್ಟುಕೊಟ್ಟಿತು. ರೆಸಿಸ್ಟರಿನ ಮೇಲೆ 12 ಕಳೆ 4.4, ಅಂದರೆ 7.6 ವೋಲ್ಟ್ ಇದೆ. 2.2 ಮೆಗಾ ಓಮ್ ಮೂಲಕ ಹರಿಯುತ್ತಿರುವುದು ಸುಮಾರು 3.4 ಮೈಕ್ರೋ ಆಂಪಿಯರ್. ಕರೆಂಟು ಬರುತ್ತಲೇ ಇದೆ, ಕೆಪಾಸಿಟರ್ ಮಾತ್ರ ತುಂಬುತ್ತಿಲ್ಲ. ಹಾಗಾದರೆ ಎಲ್ಲಿಗೋ ಸೋರಿಹೋಗುತ್ತಿದೆ. ನನ್ನ ಮೀಟರ್ ತಾನೇ 10 ಮೆಗಾ ಓಮಿನದು, ಅದು ಕುಡಿಯುವುದು 0.4 ಮೈಕ್ರೋ ಆಂಪಿಯರ್. ಉಳಿದ 3 ಮೈಕ್ರೋ ಆಂಪಿಯರ್ ಹೆಚ್ಚುಕಡಿಮೆ ಪೂರ್ತಿಯಾಗಿ ಕೆಪಾಸಿಟರಿನ ಸೋರಿಕೆ. ಹಳೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ತೆಗೆದು ಹಾಕಿದ್ದೆ. ಇಂಥ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲಿರುವ ಆಕ್ಸೈಡ್ ಪದರವೇ ತಡೆಗೋಡೆ. ಬಳಸದೆ ಇಟ್ಟರೆ ಅದು ಸವೆದು ಸೋರಿಕೆ ಹೆಚ್ಚುತ್ತದೆ.

ತೂತಿರುವ ಡ್ರಮ್ಮು ತೊಟ್ಟಿಯ ಮಟ್ಟ ಮುಟ್ಟುವುದಿಲ್ಲ. ಒಳಬರುವುದೂ ಸೋರುವುದೂ ಸಮವಾದಲ್ಲಿ ನಿಲ್ಲುತ್ತದೆ. 3 ಮೈಕ್ರೋ ಆಂಪಿಯರನ್ನು 2.2 ಮೆಗಾ ಓಮಿನಿಂದ ಗುಣಿಸಿದರೆ 6.6 ವೋಲ್ಟ್. ಮೀಟರ್ ತೆಗೆದರೂ ಕೆಪಾಸಿಟರ್ ಏರುವುದು 5.4 ವೋಲ್ಟಿನವರೆಗೆ ಮಾತ್ರ. ಹೊಸ್ತಿಲು 8ರಲ್ಲಿದೆ. ದೀಪ ಹೇಗೆ ಆರೀತು?

ಅದೇ ಸೋರಿಕೆಯನ್ನು ಹಳೆಯ 560 ಕಿಲೋ ಓಮಿಗೆ ಹಚ್ಚಿ ನೋಡಿದೆ. ಅಲ್ಲಿ ಕಳೆದುಹೋಗುವುದು 1.7 ವೋಲ್ಟ್, ಆದ್ದರಿಂದ ಕೆಪಾಸಿಟರಿನ ಗುರಿ 12 ಅಲ್ಲ, 10.3. ಅಂತರ 10.3ರಿಂದ 2.3ಕ್ಕೆ ಇಳಿಯಬೇಕು, ಅನುಪಾತ 3ರ ಬದಲು ಸುಮಾರು 4.45. ಅದರ ln 1.49. 56 ಸೆಕೆಂಡಿನಿಂದ ಗುಣಿಸಿದರೆ 84 ಸೆಕೆಂಡ್. ಗಡಿಯಾರ ತೋರಿಸಿದ್ದು 86. ವೋಲ್ಟೇಜಿನ ಜತೆ ಸೋರಿಕೆಯೂ ಬದಲಾಗುವುದರಿಂದ ಇಷ್ಟು ಹತ್ತಿರ ಬಂದದ್ದೇ ಹೆಚ್ಚು.

ಕೆಪಾಸಿಟರನ್ನೇ ದೊಡ್ಡದು ಮಾಡಿ ರೆಸಿಸ್ಟರ್ ಇಳಿಸಿದರೆ ಸೋರಿಕೆಯಿಂದ ಪಾರಾಗಬಹುದು ಎನ್ನಿಸುತ್ತದೆ. ಆದರೆ ಅದೇ ಜಾತಿಯ ದೊಡ್ಡ ಕೆಪಾಸಿಟರ್ ಸೋರುವುದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚು. ಹತ್ತು ಪಟ್ಟು ದೊಡ್ಡದಾದರೆ ತೂತೂ ಹತ್ತು ಪಟ್ಟು. ಗಂಟೆಗಟ್ಟಲೆ ಹೊತ್ತನ್ನು ಒಂದೇ ಏರಿಕೆಯಿಂದ ಅಳೆಯಲು ಹೊರಟರೆ ಇದೇ ಗೋಡೆಗೆ ಡಿಕ್ಕಿ. ಅದಕ್ಕೇ ಉದ್ದನೆಯ ಟೈಮರುಗಳು ಸಣ್ಣ ಏರಿಕೆಗಳನ್ನು ಎಣಿಸುತ್ತವೆ. ಸಿಡಿ 4060 ಎಂಬ ಐಸಿ ತನ್ನ RC ಮಿಡಿತವನ್ನು 8192 ಸಲ ಎಣಿಸಿದ ಮೇಲೆ ಕೊನೆಯ ಕಾಲಿನಲ್ಲಿ ಸೂಚನೆ ಕೊಡುತ್ತದೆ. ನಾಲ್ಕು ನಿಮಿಷಕ್ಕೆ ಒಂದೊಂದು ಮಿಡಿತ 29 ಮಿಲಿಸೆಕೆಂಡ್ ಇದ್ದರಾಯಿತು. ಅದಕ್ಕೆ 0.1 ಮೈಕ್ರೋಫ್ಯಾರಡಿನ ಸಣ್ಣ ಫಿಲ್ಮ್ ಕೆಪಾಸಿಟರ್ ಸಾಕು, ಅದರ ಸೋರಿಕೆ ಲೆಕ್ಕಕ್ಕೇ ಬಾರದಷ್ಟು.

ನಾನು ಅಷ್ಟು ದೂರ ಹೋಗಲಿಲ್ಲ. ಹೊಸ ಕೆಪಾಸಿಟರ್ ತಂದು ಹಳೆಯ 560 ಕಿಲೋ ಓಮಿನ ಜತೆ ಹಾಕಿದಾಗ 63 ಸೆಕೆಂಡಿಗೆ ಆರಿತು. ಆಮೇಲೆ 2.2 ಮೆಗಾ ಓಮ್ ಇಟ್ಟೆ. ಈ ಸಲ ಬೆಸುಗೆ ಹಾಕುವ ಮೊದಲೇ ಒಂದು ಸಣ್ಣ ಲೆಕ್ಕ ಮಾಡಿಕೊಂಡೆ: ಹೊಸ್ತಿಲಲ್ಲಿ ಉಳಿಯುವ 4 ವೋಲ್ಟ್ ಅಂತರವನ್ನು ರೆಸಿಸ್ಟರಿನಿಂದ ಭಾಗಿಸಿದರೆ 1.8 ಮೈಕ್ರೋ ಆಂಪಿಯರ್. ಸೋರಿಕೆ ಇದಕ್ಕಿಂತ ತೀರಾ ಕಡಿಮೆ ಇದ್ದರೆ ಮಾತ್ರ ಸೂತ್ರವನ್ನು ನಂಬಬಹುದು. ದೀಪ ನಾಲ್ಕು ನಿಮಿಷ 20 ಸೆಕೆಂಡಿಗೆ ಆರಿತು. ಹೆಚ್ಚಾದ 18 ಸೆಕೆಂಡ್ ಯಾರ ಪಾಲಿನದು ಎಂದು ನನಗೆ ಗೊತ್ತು. ಅಮ್ಮ ಅಷ್ಟು ಹೊತ್ತಿಗೆ ಬಟ್ಟೆ ಮಡಚಿಡಲು ಕೂತಿದ್ದರು.