‘ಹುದ್ದೆ ಭರ್ತಿಯಾಗಿದೆ’ ಎಂದು ಹೇಳಲು ಏಕಿಷ್ಟು ತಡ?

ಅರ್ಜಿ ಹಾಕಿ ಎರಡು ತಿಂಗಳಾದರೂ ಕಂಪನಿಯಿಂದ ಸುದ್ದಿಯಿಲ್ಲ. ಪೋರ್ಟಲ್ ತೆರೆದರೆ ಅದೇ ಜಾಹೀರಾತು ಇನ್ನೂ ಕಾಣುತ್ತಿದೆ. ಆ ಕೆಲಸಕ್ಕೆ ಯಾರನ್ನೋ ಆರಿಸಿ ಆಗಲೇ ತಿಂಗಳಾಗಿರಲೂಬಹುದು. ಎಚ್‌ಆರ್ ವಿಭಾಗ ಸುಮ್ಮನಿರುವುದಕ್ಕೆ ಉದಾಸೀನವೊಂದೇ ಕಾರಣವಲ್ಲ, ನೋಟಿಸ್ ಪೀರಿಯಡ್‌ನ ಪಾಲೂ ದೊಡ್ಡದು.

ಒಂದು ಉದಾಹರಣೆ ನೋಡೋಣ. ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದಕ್ಕೆ ಒಬ್ಬ ಅಕೌಂಟೆಂಟ್ ಬೇಕು ಎಂದಿಟ್ಟುಕೊಳ್ಳಿ. ಜೂನ್ 1ಕ್ಕೆ ಜಾಹೀರಾತು ಹೊರಬೀಳುತ್ತದೆ, 150 ಅರ್ಜಿ ಬರುತ್ತವೆ. ಹನ್ನೆರಡು ಮಂದಿಯೊಡನೆ ಫೋನಿನಲ್ಲಿ ಮಾತು, ನಾಲ್ವರಿಗೆ ಸಂದರ್ಶನ. ಜೂನ್ 30ರಂದು ಒಬ್ಬಾಕೆಗೆ ಆಫರ್ ಲೆಟರ್ ಹೋಗುತ್ತದೆ, ಅವರು ಒಪ್ಪುತ್ತಾರೆ. ಆದರೆ ಈಗಿನ ಕೆಲಸದಲ್ಲಿ 60 ದಿನಗಳ ನೋಟಿಸ್ ಮುಗಿಸಿ ಬರುವಾಗ ಆಗಸ್ಟ್ ಕೊನೆಯಾಗುತ್ತದೆ. ಅಷ್ಟರೊಳಗೆ ಹಳೆಯ ಕಂಪನಿ ಸಂಬಳ ಹೆಚ್ಚಿಸಿ ಉಳಿಸಿಕೊಳ್ಳಬಹುದು, ಇನ್ನೊಂದು ಕಡೆಯಿಂದ ಒಳ್ಳೆಯ ಆಫರ್ ಬರಬಹುದು. ಈ ಭಯಕ್ಕೇ ನೇಮಕಾತಿ ಮಾಡುವವರು ಜಾಹೀರಾತು ಮುಚ್ಚುವುದಿಲ್ಲ, ಉಳಿದ 149 ಮಂದಿಗೂ ಏನೂ ಹೇಳುವುದಿಲ್ಲ.

ಭಯ ನಿಜ, ಆದರೆ ಅದಕ್ಕಾಗಿ ಅಷ್ಟೂ ಜನರನ್ನು ಕಾಯಿಸಬೇಕಾಗಿಲ್ಲ. ಆಯ್ಕೆಯಾದಾಕೆ ಬಾರದಿದ್ದರೆ ಕಂಪನಿ ಮತ್ತೆ ಕರೆಯುವುದು ಸಂದರ್ಶನದಲ್ಲಿ ಎರಡನೆಯ, ಹೆಚ್ಚೆಂದರೆ ಮೂರನೆಯ ಸ್ಥಾನದಲ್ಲಿದ್ದವರನ್ನು. ಮೊದಲ ಸುತ್ತಿನಲ್ಲೇ ಬಿಟ್ಟ 138 ಅರ್ಜಿಗಳನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಹಾಗಾಗಿ ಆಫರ್ ಒಪ್ಪಿಗೆಯಾದ ದಿನವೇ ಹೊಸ ಅರ್ಜಿಗೆ ಬಾಗಿಲು ಮುಚ್ಚಿ, ಅವರೆಲ್ಲರಿಗೂ ವಿಷಯ ತಿಳಿಸಿಬಿಡಬಹುದು. ಕೊನೆಯವರೆಗೆ ಉಳಿದ ಇಬ್ಬರು ಮೂವರಿಗೆ ಮಾತ್ರ ಬೇರೆ ಮಾತು ಬೇಕು. ‘ಒಬ್ಬರಿಗೆ ಆಫರ್ ಕೊಟ್ಟಿದ್ದೇವೆ, ಅವರು ಆಗಸ್ಟ್ ಕೊನೆಗೆ ಸೇರಬೇಕಿದೆ. ನೀವು ಬೇರೆ ಕಡೆ ಪ್ರಯತ್ನ ನಿಲ್ಲಿಸಬೇಡಿ’ ಎಂದು ಫೋನ್ ಮಾಡಿ ಹೇಳುವುದೇ ಸರಿ. ಸಂದರ್ಶನಕ್ಕೆಂದು ರಜೆ ಹಾಕಿ ಬಂದವರಿಗೆ ಅಷ್ಟನ್ನು ಪಡೆಯುವ ಹಕ್ಕಿದೆ.

ಪತ್ರ ಉದ್ದವಿರಬೇಕಾಗಿಲ್ಲ. ‘ನೀವು ಜೂನ್ 4ರಂದು ಅರ್ಜಿ ಸಲ್ಲಿಸಿದ್ದ ಅಕೌಂಟೆಂಟ್ ಹುದ್ದೆಗೆ ಆಯ್ಕೆ ಮುಗಿದಿದೆ. ಇದ್ದದ್ದು ಒಂದೇ ಹುದ್ದೆ, ಅದು ಭರ್ತಿಯಾಗಿದೆ. ಜಾಹೀರಾತನ್ನು ಇಂದು ಮುಚ್ಚಿದ್ದೇವೆ. ನಿಮ್ಮ ರೆಸ್ಯೂಮ್ ನಮ್ಮಲ್ಲಿ ಉಳಿಯುವುದು ಬೇಡವೆಂದರೆ ಈ ಮೇಲ್‌ಗೆ ಉತ್ತರಿಸಿ, ಅಳಿಸುತ್ತೇವೆ.’ ಇಷ್ಟು ಸಾಕು. ಹುದ್ದೆಯ ಹೆಸರು, ದಿನಾಂಕ ಇರಲೇಬೇಕು, ಏಕೆಂದರೆ ಕೆಲಸ ಹುಡುಕುವವರು ಒಂದೇ ವಾರದಲ್ಲಿ ಹತ್ತಾರು ಕಡೆ ಅರ್ಜಿ ಹಾಕಿರುತ್ತಾರೆ. ‘ಮುಂದೆ ಅವಕಾಶ ಬಂದರೆ ಖಂಡಿತ ಕರೆಯುತ್ತೇವೆ’ ಎಂಬ ಸಾಲನ್ನು ನಿಜವಾಗಿ ಕರೆಯುವ ಉದ್ದೇಶವಿಲ್ಲದೆ ಸೇರಿಸಬಾರದು. ಅದನ್ನು ನಂಬಿ ಕಾಯುವವರಿರುತ್ತಾರೆ.

ಎಡವಟ್ಟಾಗುವುದು ಹೆಚ್ಚಾಗಿ ಕಳಿಸುವ ಹಂತದಲ್ಲಿ. ನೂರೈವತ್ತು ವಿಳಾಸಗಳನ್ನೂ ಒಂದೇ ಮೇಲ್‌ನ ಮೇಲ್ಸಾಲಿನಲ್ಲಿ ಹಾಕಿದರೆ ಯಾರು ಯಾರು ಕೆಲಸ ಬದಲಿಸಲು ಹೊರಟಿದ್ದಾರೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅವರಲ್ಲಿ ಒಂದೇ ಆಫೀಸಿನ ಇಬ್ಬರಿದ್ದರಂತೂ ಫಜೀತಿ. ಆಯ್ಕೆಯಾದವರ ಹೆಸರನ್ನು ಪಟ್ಟಿಯಿಂದ ತೆಗೆಯಲು ಮರೆತರೆ ಅವರಿಗೂ ‘ಹುದ್ದೆ ಭರ್ತಿಯಾಗಿದೆ’ ಎಂಬ ಪತ್ರ ಹೋಗಿ ಗಾಬರಿಯಾಗುತ್ತದೆ.

ಇನ್ನೊಂದು ತೊಡಕು ಜಾಹೀರಾತಿನ ನಕಲುಗಳದ್ದು. ಕಂಪನಿ ತನ್ನ ಪುಟದಲ್ಲಿ ಮುಚ್ಚಿದರೂ ಬೇರೆ ಜಾಲತಾಣಗಳು ಎತ್ತಿ ಹಾಕಿಕೊಂಡ ಪ್ರತಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಫೋಟೊ ಹಾಗೇ ಉಳಿಯುತ್ತವೆ. ಮೋಸಗಾರರಿಗೆ ಇದು ಅನುಕೂಲ. ಮುಗಿದ ಹುದ್ದೆಯ ಹೆಸರಿನಲ್ಲಿ ‘ನೋಂದಣಿ ಶುಲ್ಕ’ ಕೇಳುತ್ತಾರೆ. ಅರ್ಜಿದಾರರು ಕಂಪನಿಯ ಸ್ವಂತ ಜಾಲತಾಣದ ಉದ್ಯೋಗ ಪುಟದಲ್ಲಿ ಆ ಹುದ್ದೆ ಇನ್ನೂ ಇದೆಯೇ ಎಂದು ಮೊದಲು ನೋಡಬೇಕು. ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಬೇಕು.

ಕಾನೂನು ಈ ವಿಷಯದಲ್ಲಿ ಅರ್ಜಿದಾರರ ಕಡೆ ತಿರುಗಿದ್ದು ಇತ್ತೀಚೆಗೆ. ಭಾರತದಲ್ಲಿ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತು. ಆಯ್ಕೆಯ ಫಲಿತಾಂಶವನ್ನು 15 ದಿನಗಳೊಳಗೆ ಕಳಿಸಬೇಕೆಂದು 1960ರ ನಿಯಮಗಳು ಸೇರಿಸಿದವು. ಆದರೆ ಆ ಮಾಹಿತಿ ಹೋಗುತ್ತಿದ್ದುದು ಕೇಂದ್ರದ ಕಡತಕ್ಕೆ, ಅರ್ಜಿ ಹಾಕಿದವರ ಮನೆಗಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಬೇರೆ ನಿಯಮವಿದೆ. ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಬಹಿರಂಗವಾಗಿ ಜಾಹೀರಾತು ಕೊಟ್ಟು ಸಂದರ್ಶನ ನಡೆಸಿದರೆ, ಕೊನೆಯ ಸಂದರ್ಶನದಿಂದ 45 ದಿನಗಳೊಳಗೆ ನೇಮಕದ ತೀರ್ಮಾನವಾಗಿದೆಯೇ ಇಲ್ಲವೇ ಎಂಬುದನ್ನು ಆ ಅಭ್ಯರ್ಥಿಗೆ ತಿಳಿಸಲೇಬೇಕು. ಸಂದರ್ಶನಕ್ಕೆ ಕರೆ ಬಾರದವರಿಗೆ ಅಲ್ಲಿಯೂ ಈ ರಕ್ಷಣೆಯಿಲ್ಲ. ನಮ್ಮ ಉದಾಹರಣೆಯ 150 ಜನರಲ್ಲಿ ಆ ನಿಯಮ ತಲುಪುತ್ತಿದ್ದುದು ನಾಲ್ವರನ್ನು ಮಾತ್ರ.